ಡ್ರಾಯಿಂಗ್ ಫೋಲ್ಡರ್ ಇಲ್ಲವೆಂದ ಬೆಳಗ್ಗೆ

ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಮಾಚೇನಹಳ್ಳಿಯ ಒಂದು ಎರಕದ ಕಾರ್ಖಾನೆಯ ಆಫೀಸಿನಲ್ಲಿ, ಹೊಸ ಕಂಪ್ಯೂಟರಿನ ಎದುರು, ಕಿಟಕಿಗೆ ಎಡ ಭುಜ ಕೊಟ್ಟು ನಿಂತಿದ್ದೆ. ಕುರ್ಚಿ ಇತ್ತು, ಕೂತಿರಲಿಲ್ಲ. ಸಮಯ ನೆನಪಿರುವುದಕ್ಕೆ ಕಾರಣ, ಆ ಹೊಸ ಯಂತ್ರದ ಗಡಿಯಾರ ಸರಿಯಾಗಿದೆಯೇ ಎಂದು ಆಗಷ್ಟೇ ನನ್ನ ಕೈಗಡಿಯಾರದೊಂದಿಗೆ ಹೋಲಿಸಿ ನೋಡಿದ್ದೆ. ಕಿಟಕಿಯಿಂದ ಗೇಟು, ಗೇಟಿನ ಪಕ್ಕದ ವಾಚ್‌ಮನ್ ಮೇಜು, ಅದರಾಚೆ ಶಿವಮೊಗ್ಗ–ಭದ್ರಾವತಿ ರಸ್ತೆಯ ಒಂದು ತುಂಡು ಕಾಣುತ್ತಿತ್ತು.

ಶಿವಮೊಗ್ಗದ ಗಾಂಧಿ ಬಜಾರಿನ ಅಡ್ಡರಸ್ತೆಯಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ ಇದೆ. ಮಾರುತ್ತೇನೆ, ಕೆಟ್ಟರೆ ರಿಪೇರಿ ಮಾಡುತ್ತೇನೆ. ಅವತ್ತು ಈ ಕಾರ್ಖಾನೆಯ ಎರಡು ಹಳೆಯ ಕಂಪ್ಯೂಟರುಗಳನ್ನು ತೆಗೆದು ಎರಡು ಹೊಸವನ್ನು ಕೂರಿಸಲು ಬಂದಿದ್ದೆ. ಹಳೆಯವನ್ನು ಹತ್ತು ಗಂಟೆಗೇ ಗೂಡ್ಸ್ ಆಟೋದಲ್ಲಿ ಅಂಗಡಿಗೆ ಕಳಿಸಿಯಾಗಿತ್ತು. ಇಂಟರ್ನೆಟ್ ಬಂದಿತ್ತು, ಪ್ರಿಂಟರ್ ಕೆಲಸ ಮಾಡಿತ್ತು. ಉಳಿದದ್ದು ಒಂದೇ: ಡ್ರಾಯಿಂಗ್ ಫೋಲ್ಡರ್.

ಆ ಫೋಲ್ಡರ್ ಇದ್ದದ್ದು ಈ ಎರಡೂ ಕಂಪ್ಯೂಟರುಗಳಲ್ಲಿ ಅಲ್ಲ. ಪ್ಯಾಟರ್ನ್ ರೂಮಿನಲ್ಲಿ, ಮರದ ಅಚ್ಚುಗಳ ಕಪಾಟಿನ ಕೆಳಗೆ, ಪರದೆಯೂ ಕೀಲಿಮಣೆಯೂ ಇಲ್ಲದ, ವಿಂಡೋಸ್ ಬದಲು ಲಿನಕ್ಸ್ ಹಾಕಿದ ಒಂದು ಯಂತ್ರವಿತ್ತು. ಯಾರೋ ಹಿಂದೆ ಸಾಂಬಾ ಎಂಬ ತಂತ್ರಾಂಶ ಹಾಕಿ, ಅದರಲ್ಲಿದ್ದ ಫೋಲ್ಡರ್ ವಿಂಡೋಸ್ ಕಂಪ್ಯೂಟರುಗಳಿಗೆ ತೆರೆಯುವಂತೆ ಮಾಡಿದ್ದರು. ಕಾರ್ಖಾನೆ ಎರಕ ಹೊಯ್ದ ಪ್ರತಿಯೊಂದು ಭಾಗದ ಡ್ರಾಯಿಂಗೂ ಅದರಲ್ಲಿತ್ತು. ಮುಕ್ಕಾಲು ಪಾಲು ಬರೆದವರು ಒಬ್ಬರೇ. ಭದ್ರಾವತಿ ನ್ಯೂಟೌನಿನಿಂದ ಬರುತ್ತಿದ್ದ, ಅರವತ್ತು ದಾಟಿದ ನಕ್ಷೆಗಾರರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ತಿಂಗಳ ಕೊನೆಗೆ ನಿಮ್ಮ ಕೆಲಸ ಮುಗಿಯಿತು ಎಂದು ಅವರಿಗೆ ಹಿಂದಿನ ಶನಿವಾರವಷ್ಟೇ ಹೇಳಿದ್ದರು. ಆ ಮಾತು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಬಾಯಿ ತೆರೆಯುವ ಮುಂಚೆ ಯೋಚಿಸುತ್ತಿದ್ದೆ ಎಂದು ಈಗ ಅಂದುಕೊಳ್ಳುತ್ತೇನೆ. ಖಚಿತವಾಗಿ ಹೇಳಲಾರೆ.

ನಾನು ನೆಟ್‌ವರ್ಕ್ ಪಟ್ಟಿ ತೆರೆದೆ. ಹೊಸ ಕಂಪ್ಯೂಟರುಗಳೆರಡು, ಪ್ರಿಂಟರು. ಲಿನಕ್ಸ್ ಯಂತ್ರವಿಲ್ಲ. ಹಿಂದೆ ಬಂದು ನಿಂತಿದ್ದ ಮಾಲೀಕರು ಕೇಳಿದರು: "ಡ್ರಾಯಿಂಗ್ ಫೋಲ್ಡರ್ ಇದೆಯೇನ್ರೀ?"

"ಇಲ್ಲ ಸಾರ್" ಎಂದೆ.

ಕಾಣ್ತಿಲ್ಲ ಎನ್ನಬೇಕಿತ್ತು. ಈ ಪಟ್ಟಿಯಲ್ಲಿ ಕಾಣ್ತಿಲ್ಲ, ಹುಡುಕ್ತೀನಿ ಎನ್ನಬೇಕಿತ್ತು. ನಾನು ಹೇಳಿದ್ದು ಇಲ್ಲ ಎಂದು.

"ಶನಿವಾರ ಇತ್ತು. ನಾನೇ ತೆಗ್ದು ನೋಡಿದೀನಿ" ಎಂದರು ಮಾಲೀಕರು. ಸ್ವಲ್ಪ ಹೊತ್ತು ಪರದೆ ನೋಡಿದರು. "ಹೋಗೋ ಮುಂಚೆ ಅಳಿಸಿ ಹೋಗ್ತಿದಾನೆ ಮಹಾರಾಯ" ಎಂದು, ನನಗೋ ತಮಗೋ ಗೊತ್ತಾಗದಂತೆ ಹೇಳಿ ಹೊರಗೆ ನಡೆದರು.

ಮೇಷ್ಟ್ರು ಅಷ್ಟು ಹೊತ್ತಿಗೆ ಸರಿಯಾಗಿ ಗೇಟಿನತ್ತ ಹೊರಟಿದ್ದರು, ಎದುರಿನ ಮೆಡಿಕಲ್ ಶಾಪಿಗೆ. ಹೆಗಲಲ್ಲಿ ಬ್ಯಾಗಿತ್ತು. ಬ್ಯಾಗ್ ಬಿಟ್ಟು ಅವರು ಎಲ್ಲಿಗೂ ಹೋಗುತ್ತಿರಲಿಲ್ಲ ಎಂದು ಆಮೇಲೆ ಕೇಳಿದೆ. ಮಾಲೀಕರು ಕೈ ತೋರಿಸಿ ನಿಲ್ಲಿಸಿದರು, ವಾಚ್‌ಮನ್‌ಗೆ ಏನೋ ಹೇಳಿದರು. ವಾಚ್‌ಮನ್ ಬ್ಯಾಗ್ ತೆಗೆದುಕೊಳ್ಳಲಿಲ್ಲ. ಮೇಷ್ಟ್ರೇ ಅದನ್ನು ಮೇಜಿನ ಮೇಲಿಟ್ಟು, ಒಂದೊಂದಾಗಿ ವಸ್ತುಗಳನ್ನು ತೆಗೆದು ಸಾಲಾಗಿ ಜೋಡಿಸಿದರು. ಎರಡು ಅಂತಸ್ತಿನ ಟಿಫಿನ್ ಡಬ್ಬಿ. ಕನ್ನಡಕದ ಪೆಟ್ಟಿಗೆ. ಮಾತ್ರೆಯ ಖಾಲಿ ಸ್ಟ್ರಿಪ್. ಮಡಿಸಿದ ಟವೆಲ್. ಎರಕ ತಣಿದು ಕುಗ್ಗುವ ಲೆಕ್ಕವನ್ನು ಮೊದಲೇ ಸೇರಿಸಿ ಗೀರು ಹಾಕಿದ, ಅವರ ಉಕ್ಕಿನ ಅಡಿಪಟ್ಟಿ. ಕೊನೆಗೆ ಒಂದು ನೀಲಿ ಪೆನ್‌ಡ್ರೈವ್.

ಸ್ಟೋರ್ಸ್ ಬಾಗಿಲಲ್ಲಿ ಇಬ್ಬರು ಹೆಂಗಸರು ನಿಂತಿದ್ದರು. ಒಬ್ಬರು ಸ್ಟೋರ್ಸ್ ನೋಡಿಕೊಳ್ಳುವವರು. ಇನ್ನೊಬ್ಬರು ಎರಕದ ಒಳಗೆ ಇಡುವ ಮರಳಿನ ಗಟ್ಟಿಗಳನ್ನು ಮಾಡುವ ವಿಭಾಗದವರು, ಕೈಗವಸು ಕೇಳಲು ಬಂದಿದ್ದರು. ಇಬ್ಬರೂ ಮೇಜಿನ ಕಡೆಗೇ ನೋಡುತ್ತಿದ್ದರು.

ಮಾಲೀಕರು ಪೆನ್‌ಡ್ರೈವ್ ತಂದು ನನ್ನ ಕೈಗೆ ಕೊಟ್ಟರು. "ತೆಗೀರಿ."

ನಾನು ತೆಗೆದೆ. ಅದರಲ್ಲಿ ಹಳೆಯ ತಮಿಳು ಸಿನಿಮಾ ಹಾಡುಗಳಿದ್ದವು, ಬೇರೇನೂ ಇರಲಿಲ್ಲ. ಬಾಗಿಲಲ್ಲಿ ಬಂದು ನಿಂತಿದ್ದ ಮೇಷ್ಟ್ರು ಕೇಳಿದರು: "ಯಾವ್ದಾದ್ರೂ ಹಾಕ್ಲಾ ಸಾರ್? ಮೂರನೇದು ಚೆನ್ನಾಗಿದೆ."

ಯಾರೂ ನಗಲಿಲ್ಲ. ಮೇಷ್ಟ್ರು ನನ್ನತ್ತ ತಿರುಗಿ, "ನೀವು ಆ ಡಬ್ಬ ನೋಡಿದ್ರೇನಪ್ಪಾ?" ಎಂದರು.

"ಯಾವ ಡಬ್ಬ?"

"ಪ್ಯಾಟರ್ನ್ ರೂಮಿಂದು. ಫೋಲ್ಡರ್ ಅದ್ರಲ್ಲಲ್ವಾ ಇರೋದು? ಇಲ್ಲಿ ಕೂತು ಇಲ್ಲ ಅಂದ್ರೆ ಹೆಂಗೆ?"

ಹೊಸ ಪರದೆಯೊಂದನ್ನೂ ಕೀಲಿಮಣೆಯನ್ನೂ ಎತ್ತಿಕೊಂಡು ಪ್ಯಾಟರ್ನ್ ರೂಮಿಗೆ ಹೋದೆ. ಮೇಷ್ಟ್ರೂ ಮಾಲೀಕರೂ ಹಿಂದೆ ಬಂದರು. ಯಂತ್ರಕ್ಕೆ ಜೋಡಿಸಿದೆ. ಪಾಸ್‌ವರ್ಡ್ ಕಪಾಟಿನ ಒಳಬಾಗಿಲ ಮೇಲೆ ಚಾಕ್‌ಪೀಸಿನಲ್ಲಿ ಬರೆದಿತ್ತು. ಫೋಲ್ಡರ್ ಇತ್ತು. ಒಳಗೆ ಎಲ್ಲ ಡ್ರಾಯಿಂಗುಗಳೂ ಇದ್ದವು. ಕೊನೆಯದು ಶನಿವಾರ ಸಂಜೆಯದು, ಯಾವುದೋ ಪಂಪಿನ ಮುಚ್ಚಳದ್ದು.

ಮಾಲೀಕರು ಅದನ್ನು ನೋಡಿದರು. "ಹಂಗಾದ್ರೆ ಅಲ್ಲಿ ಯಾಕ್ರೀ ಕಾಣ್ಲಿಲ್ಲ?" ಎಂದರು. ಈಗ ಅವರೂ ಕಾಣು ಎನ್ನುವ ಮಾತಿಗೆ ಬಂದಿದ್ದರು.

ಉತ್ತರ ಹುಡುಕಲು ಒಂದು ಗಂಟೆ ಹಿಡಿಯಿತು. ಕಾರಣಗಳು ಎರಡು, ಒಂದರ ಹಿಂದೆ ಒಂದು.

ಮೊದಲನೆಯದು. ಎರಡು ಯಂತ್ರಗಳು ಫೈಲ್ ಹಂಚಿಕೊಳ್ಳಬೇಕಾದರೆ ಪ್ರೋಟೊಕಾಲ್ ಎಂಬ ಒಂದೇ ಭಾಷೆಯ ಒಂದೇ ಆವೃತ್ತಿಯಲ್ಲಿ ಮಾತಾಡಬೇಕು. ಸಾಂಬಾದ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲಿತ್ತು: ಗರಿಷ್ಠ ಪ್ರೋಟೊಕಾಲ್ ಎನ್‌ಟಿ ಒಂದು. ಅಂದರೆ, ಎಲ್ಲಕ್ಕಿಂತ ಹಳೆಯ ಆವೃತ್ತಿಗಿಂತ ಮೇಲಕ್ಕೆ ಹೋಗಬೇಡ. ಯಾಕಿರಬಹುದು ಎಂದು ಮೇಷ್ಟ್ರನ್ನು ಕೇಳಿದೆ. ಹಿಂದೊಂದು ದೊಡ್ಡ ಸ್ಕ್ಯಾನರ್ ಇತ್ತಂತೆ, ಅದಕ್ಕೆ ಹಳೆಯದು ಬಿಟ್ಟು ಬೇರೆ ಬರುತ್ತಿರಲಿಲ್ಲವಂತೆ. ಸ್ಕ್ಯಾನರ್ ಗುಜರಿಗೆ ಹೋಗಿದೆ, ಸಾಲು ಉಳಿದಿದೆ. ಹಳೆಯ ವಿಂಡೋಸಿಗೆ ಆ ಆವೃತ್ತಿ ಬರುತ್ತಿತ್ತು, ಅದಕ್ಕೇ ಶನಿವಾರದವರೆಗೆ ತೊಂದರೆಯಾಗಲಿಲ್ಲ. ನಾನು ತಂದ ಹೊಸದರಲ್ಲಿ ಭದ್ರತೆಗೆಂದು ಅದನ್ನು ತೆಗೆದೇ ಹಾಕಿದ್ದಾರೆ. ನೆಟ್‌ವರ್ಕ್ ಪಟ್ಟಿಯಲ್ಲಿ ಲಿನಕ್ಸ್ ಯಂತ್ರದ ಹೆಸರು ಮೂಡುತ್ತಿದ್ದದ್ದೂ ಆ ಹಳೆಯ ವ್ಯವಸ್ಥೆಯಿಂದಲೇ. ಆ ಸಾಲನ್ನು ಅಳಿಸಿ, ಕನಿಷ್ಠ ಆವೃತ್ತಿ ಎರಡು ಎಂದು ಬರೆದು, ಸಾಂಬಾವನ್ನು ಮತ್ತೆ ಶುರು ಮಾಡಿದೆ.

ಆಫೀಸಿಗೆ ಬಂದೆವು. ಪಟ್ಟಿಯಲ್ಲಿ ಹೆಸರು ಆಗಲೂ ಬರಲಿಲ್ಲ. ಪಟ್ಟಿಯನ್ನು ಬಿಟ್ಟು, ನೆಟ್‌ವರ್ಕಿನಲ್ಲಿ ಯಂತ್ರದ ವಿಳಾಸವಾದ ಐಪಿ ನಂಬರನ್ನೇ ಟೈಪ್ ಮಾಡಿದೆ. ಈ ಸಲ ಅದು ಉತ್ತರ ಕೊಟ್ಟಿತು, ಆದರೆ ಬಾಗಿಲು ತೆರೆಯಲಿಲ್ಲ: ಗುರುತು ಹೇಳದ ಗೆಸ್ಟ್ ಪ್ರವೇಶವನ್ನು ನಿಮ್ಮ ಸಂಸ್ಥೆಯ ಭದ್ರತಾ ನಿಯಮ ತಡೆಯುತ್ತದೆ ಎಂದು ಇಂಗ್ಲಿಷಿನಲ್ಲಿ ಬಂತು.

"ಯಾವ ನಿಯಮ? ನಾನೇನೂ ಮಾಡಿಲ್ವಲ್ಲ" ಎಂದರು ಮಾಲೀಕರು.

ಅದೇ ಎರಡನೆಯದು. ಫೋಲ್ಡರನ್ನು ಗೆಸ್ಟಿಗೆ ತೆರೆದಿಟ್ಟಿದ್ದರು. ಪರಿಚಯವಿಲ್ಲದ ಹೆಸರಿನಲ್ಲಿ ಯಾರು ಬಂದರೂ ಸಾಂಬಾ ಅವರನ್ನು ಗೆಸ್ಟ್ ಎಂದು ಒಳಗೆ ಬಿಡುತ್ತಿತ್ತು. ಹೊಸ ವಿಂಡೋಸ್ ಹಾಗೆ ಹೋಗಲು ತಾನಾಗಿಯೇ ಒಪ್ಪುವುದಿಲ್ಲ. ಕಂಪ್ಯೂಟರಿನ ಆ ನಿಯಮವನ್ನು ಸಡಿಲಿಸಬಹುದಿತ್ತು, ಎರಡು ನಿಮಿಷದ ಕೆಲಸ. ಮನಸ್ಸು ಬರಲಿಲ್ಲ. ಪ್ಯಾಟರ್ನ್ ರೂಮಿಗೆ ಮರಳಿ, ಫೈಲುಗಳ ಯಜಮಾನ ಯಾರೆಂದು ನೋಡಿದೆ. ಸಾವಿರಾರು ಡ್ರಾಯಿಂಗುಗಳು. ಪ್ರತಿಯೊಂದರ ಎದುರಿಗೂ ಒಂದೇ ಹೆಸರು: ನೋಬಡಿ, ಅಂದರೆ ಯಾರೂ ಅಲ್ಲ. ಗೆಸ್ಟಾಗಿ ಬಂದವರು ಇಟ್ಟದ್ದಕ್ಕೆಲ್ಲ ಲಿನಕ್ಸ್ ಹಾಗೆ ಬರೆದುಕೊಂಡಿತ್ತು. ಬರೆದವರು ಯಾರು, ತಿದ್ದಿದವರು ಯಾರು, ಅಳಿಸಿದರೆ ಅಳಿಸಿದವರು ಯಾರು, ಹೇಳಲು ಆ ಯಂತ್ರದಲ್ಲಿ ಏನೂ ಇರಲಿಲ್ಲ. ಹಾಗಿರುವಾಗ ಯಾರ ಮೇಲಾದರೂ ಅನುಮಾನ ಪಡಬಹುದಿತ್ತು. ತಾನಲ್ಲವೆಂದು ತೋರಿಸಲು ಯಾರಿಗೂ ಆಗುತ್ತಿರಲಿಲ್ಲ.

ಮೇಷ್ಟ್ರ ಹೆಸರಿನಲ್ಲಿ ಒಂದು ಖಾತೆ, ಆಫೀಸಿಗೆ ಒಂದು ಖಾತೆ ಮಾಡಿದೆ. ಎರಡಕ್ಕೂ ಸಾಂಬಾ ಪಾಸ್‌ವರ್ಡ್ ಕೊಟ್ಟು, ಗೆಸ್ಟ್ ಪ್ರವೇಶ ಮುಚ್ಚಿದೆ. ಫೈಲುಗಳ ಯಜಮಾನಿಕೆಯನ್ನು ಮೇಷ್ಟ್ರ ಹೆಸರಿಗೆ ಬದಲಾಯಿಸಿ, ಆಫೀಸಿನ ಖಾತೆಯೂ ತಿದ್ದುವಂತೆ ಗುಂಪಿನ ಅನುಮತಿ ಇಟ್ಟೆ. ಮಾಲೀಕರನ್ನು ಕೇಳಿಯೇ ಮಾಡಿದೆ. ಅವರು ತಲೆಯಾಡಿಸಿದರು. ಆಫೀಸಿನಲ್ಲಿ ಹೆಸರು, ಪಾಸ್‌ವರ್ಡ್ ಟೈಪ್ ಮಾಡಿದಾಗ ಫೋಲ್ಡರ್ ತೆರೆಯಿತು.

"ನಿಮ್ಮ ಹೆಸರು ಬಂದಿದೆ ನೋಡಿ ಮೇಷ್ಟ್ರೇ, ಎಲ್ಲದಕ್ಕೂ" ಎಂದೆ. ಅವರಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ.

"ಸರಿ" ಎಂದರು. "ಗೇಟಲ್ಲಿ ನೋಡಿದೋರಿಗೆ ಇದು ಹೆಂಗೆ ಕಾಣ್ಸುತ್ತೆ?"

ಮಾಲೀಕರು ಕುರ್ಚಿಯಿಂದ ಎದ್ದರು. "ತಪ್ಪಾಯ್ತು ಮೇಷ್ಟ್ರೇ. ಬನ್ನಿ, ಟೀ ಕುಡಿಯೋಣ."

"ಟೀ ಆಮೇಲೆ ಸಾರ್. ಮೊದ್ಲು ಇವ್ರು ನನ್ ಜೊತೆ ಬರ್ಲಿ. ಇಲ್ಲ ಅಂದಿದ್ದು ಇವ್ರು."

ಹೋದೆ. ಮೊದಲು ವಾಚ್‌ಮನ್. ಪ್ರೋಟೊಕಾಲ್, ಗೆಸ್ಟ್ ಎಂದು ಶುರು ಮಾಡಿದೆ. ಮೇಷ್ಟ್ರು ತಡೆದು, "ಕನ್ನಡದಲ್ಲಿ ಹೇಳಿ" ಎಂದರು. ಫೋಲ್ಡರ್ ಇದ್ದಲ್ಲೇ ಇತ್ತು, ನನ್ನ ಹೊಸ ಕಂಪ್ಯೂಟರಿಗೆ ಕಾಣಲಿಲ್ಲ, ನಾನು ತಿಳಿಯದೆ ಇಲ್ಲ ಅಂದೆ, ಇವರು ಏನೂ ಮಾಡಿಲ್ಲ ಎಂದೆ. ವಾಚ್‌ಮನ್, "ಅದಕ್ಕೇ ನಾ ಬ್ಯಾಗಿಗೆ ಕೈ ಹಾಕ್ಲಿಲ್ಲ ಮೇಷ್ಟ್ರೇ" ಎಂದ. ಸ್ಟೋರ್ಸ್‌ನ ಹೆಂಗಸಿಗೂ ಅದನ್ನೇ ಹೇಳಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ಓದಿ ಇಷ್ಟೇನಾ?" ಎಂದರು.

ಮರಳಿನ ವಿಭಾಗದಾಕೆ ಅವತ್ತು ಅರ್ಧ ದಿನ ರಜೆ ಹಾಕಿ, ಮಧ್ಯಾಹ್ನದ ಬಸ್ಸಿಗೇ ಹೋಗಿದ್ದಳು. ಅವಳ ಮನೆ ಮೇಷ್ಟ್ರ ಬೀದಿಯಲ್ಲೇ ಇತ್ತು. "ಇಷ್ಟೊತ್ತಿಗೆ ನಲ್ಲಿ ಹತ್ರ ಎಲ್ಲರಿಗೂ ಗೊತ್ತಾಗಿರುತ್ತೆ" ಎಂದರು. ಅವರಿಗೆ ಭಯವಿದ್ದದ್ದು ಕಾರ್ಖಾನೆಯದ್ದಲ್ಲ, ಅದು ತಿಂಗಳ ಕೊನೆಗೆ ಹೇಗೂ ಮುಗಿಯುತ್ತಿತ್ತು. ಬದುಕಬೇಕಾದದ್ದು ಆ ಬೀದಿಯಲ್ಲಿ.

ಸಂಜೆ ನಾಲ್ಕೂವರೆಗೆ ಅವರನ್ನು ನನ್ನ ಬೈಕಿನಲ್ಲಿ ಕೂರಿಸಿಕೊಂಡು ಭದ್ರಾವತಿಗೆ ಹೋದೆ. ಅವರು ಬೀದಿಯ ತುದಿಯಲ್ಲಿ ಇಳಿದು ನಿಂತರು. ನಾನೊಬ್ಬನೇ ಅವಳ ಮನೆಬಾಗಿಲಿಗೆ ಹೋಗಿ, ದಾರಿಯುದ್ದ ಜೋಡಿಸಿಕೊಂಡಿದ್ದ ಮಾತನ್ನು ಹೇಳತೊಡಗಿದೆ.

"ಮೆತ್ತಗೆ ಸಾರ್, ಅತ್ತೆ ಒಳಗಿದಾರೆ" ಎಂದಳು. ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ಪೂರ್ತಿ ಕೇಳಿದಳು. "ನಾ ಯಾರಿಗೂ ಹೇಳಿಲ್ಲ. ಹೇಳೋಕೆ ನಾನೇನ್ ನೋಡ್ದೆ? ಟಿಫಿನ್ ಡಬ್ಬಿ ನೋಡ್ದೆ, ಟವೆಲ್ ನೋಡ್ದೆ. ನೀವೇ ಈಗ ಬೀದಿಗೆಲ್ಲ ಕೇಳೋ ಹಂಗೆ ಹೇಳ್ತಿದೀರಿ."

ಬೀದಿಯ ತುದಿಗೆ ಬಂದು ಮೇಷ್ಟ್ರಿಗೆ ಅವಳ ಮಾತನ್ನು ಹಾಗೆಯೇ ಒಪ್ಪಿಸಿದೆ. ಅವರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಅವಳ ಮನೆಯ ಮುಂದಿನಿಂದಲೇ ತಮ್ಮ ಮನೆಗೆ ನಡೆದುಹೋದರು. ತಿಂಗಳು ಮುಗಿಯುವವರೆಗೆ ಕೆಲಸಕ್ಕೆ ಬಂದರು. ಇನ್ನಾರು ತಿಂಗಳು ಇರಿ ಎಂದು ಮಾಲೀಕರು ಕೇಳಿದಾಗ ಒಪ್ಪಲಿಲ್ಲ.

ಅವತ್ತು ಗೇಟಿನ ಮೇಜನ್ನು ನೋಡಿದವರು ನನ್ನನ್ನು ಬಿಟ್ಟು ಐವರು. ವಾಚ್‌ಮನ್ ಹೋದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡ. ಮಾಲೀಕರು ಇದ್ದಾರೆ, ಈಗಲೂ ನನ್ನಿಂದಲೇ ಕಂಪ್ಯೂಟರ್ ರಿಪೇರಿ ಮಾಡಿಸುತ್ತಾರೆ. ಸ್ಟೋರ್ಸ್‌ನ ಹೆಂಗಸು ಶಿವಮೊಗ್ಗದಲ್ಲಿದ್ದಾರೆ. ಮೇಷ್ಟ್ರೂ, ಅವರ ಮನೆಯಿಂದ ನಾಲ್ಕು ಮನೆ ಆಚೆಗೆ ಮರಳಿನ ವಿಭಾಗದ ಆ ಹೆಂಗಸೂ, ಭದ್ರಾವತಿಯ ಅದೇ ಬೀದಿಯಲ್ಲಿದ್ದಾರೆ.