ಒತ್ತಕ್ಷರ ಬಿಟ್ಟು ಹುಡುಕಿದ ಸೊಸೆ

ಅಕ್ಷರವೆಂದರೆ ಅಳಿವಿಲ್ಲದ್ದು ಎಂದು ಅರ್ಥ ಹೇಳಿದವರು ದೊಡ್ಡವರೇ ಇರಬೇಕು. ಶಿರಾದ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸಿದವರಂತೂ ಅಲ್ಲ. ನಾನು ಇಪ್ಪತ್ತು ವರ್ಷ ಜೋಡಿಸಿದ್ದೇನೆ. ಅಲ್ಲಿ ದಿನಾ ಅಳಿಯುತ್ತಿದ್ದುದೇ ಅಕ್ಷರ.

ಮಧುಗಿರಿಯ ನನ್ನ ಅಕ್ಕನಿಗೆ ಹೋದ ವರ್ಷ ಕಣ್ಣು ಪೂರ್ತಿ ಹೋಯಿತು. ಆಮೇಲೆ ಅವಳಿಗೆ ಒಂದೇ ಹಂಬಲ: ಮದುವೆಯ ಹೊಸತರಲ್ಲಿ ತಾನು ವಾರಪತ್ರಿಕೆಯೊಂದಕ್ಕೆ ಬರೆದಿದ್ದ ಪತ್ರವನ್ನು ಯಾರಾದರೂ ಓದಿ ಹೇಳಬೇಕು. ವರ್ಷ ನೆನಪಿಲ್ಲ, ಪ್ರತಿ ಉಳಿದಿಲ್ಲ. ಹೆಸರು ಹಾಕುವ ಧೈರ್ಯವಿಲ್ಲದೆ, ಆಗಿನ ಗಂಡನ ಮನೆಯ ಊರು ಸೇರಿಸಿ, ಕೆಳಗೆ ‘ಬಡವನಹಳ್ಳಿಯ ಒಬ್ಬ ಸೊಸೆ’ ಎಂದಷ್ಟೇ ಬರೆದಿದ್ದಳು.

ಅವಳ ಮೊಮ್ಮಗಳು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಗ್ರಂಥಾಲಯವೊಂದರ ಜಾಲತಾಣದಲ್ಲಿ ಆ ಪತ್ರಿಕೆಯ ಪುಟಗಳೆಲ್ಲ ಚಿತ್ರಗಳಾಗಿ ಬಿದ್ದಿದ್ದವು. ಚಿತ್ರದೊಳಗೆ ಪದ ಹುಡುಕಲಾಗದು. ಅವಳು ಅವನ್ನೆಲ್ಲ ಇಳಿಸಿಕೊಳ್ಳುವ ಪ್ರೋಗ್ರಾಮ್ ಬರೆದು, ಚಿತ್ರದೊಳಗಿನ ಅಕ್ಷರ ಓದುವ ಟೆಸರಾಕ್ಟ್ ಎಂಬ ತಂತ್ರಾಂಶಕ್ಕೆ ಕೊಟ್ಟಳು. ಮೊದಲ ಸಲ ಭಾಷೆ ಕನ್ನಡ ಎಂದು ಹೇಳುವುದನ್ನೇ ಮರೆತಳು. ಹೇಳದಿದ್ದರೆ ಅದು ಎಲ್ಲವನ್ನೂ ಇಂಗ್ಲಿಷ್ ಎಂದೇ ಓದುತ್ತದಂತೆ. ಓದಿತು, ಯಾವ ಭಾಷೆಯೂ ಆಗದ ಹಾಗೆ. ಕನ್ನಡದ ದತ್ತಾಂಶ ಹಾಕಿ, ಮಸುಕು ಚಿತ್ರಗಳನ್ನು ದೊಡ್ಡದು ಮಾಡಿ ಮತ್ತೆ ಓದಿಸಿದಳು. ಈಗ ಕನ್ನಡವೇ ಬಂತು. ‘ಬಡವನಹಳ್ಳಿ’ ಮಾತ್ರ ಎಲ್ಲೂ ಸಿಗಲಿಲ್ಲ.

“ಸೊಸೆ ಅಂತ್ಲೂ ಹುಡುಕ್ದೆ ತಾತ, ಬೇರೆಯವರ ಮನೆ ಸೊಸೇರೇ ಸಿಕ್ತಾರೆ,” ಎಂದಳು ಮೊಮ್ಮಗಳು.

“ಆ ಸಂಚಿಕೆ ಉಳ್ದೇ ಇಲ್ವೇನೋ ಬುಡು,” ಎಂದು ಅಕ್ಕ ಗೋಡೆ ಕಡೆ ತಿರುಗಿ ಮಲಗಿದಳು.

ನಾನು ಘನಗಂಭೀರನಾಗಿ ಕನ್ನಡಕ ಏರಿಸಿ ಪರದೆ ನೋಡಿದೆ. ‘ಹಳ್ಳಿ’ಗಳೆಲ್ಲ ‘ಹಳಿ’ಗಳಾಗಿದ್ದವು. ನಮ್ಮ ಕಾಲದಲ್ಲಿ ಒತ್ತಕ್ಷರಕ್ಕೆ ಬೇರೆಯೇ ಸಣ್ಣ ಮೊಳೆ. ಮೊದಲು ಸವೆಯುತ್ತಿದ್ದುದು ಅದೇ. ಇಂದಿನ ಅಚ್ಚುಕಟ್ಟಾದ ಅಕ್ಷರ ನೋಡಿ ಕಲಿತ ಯಂತ್ರ ಆ ಮಸುಕನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

“ಒತ್ತು ಬರೋಕ್ ಮುಂಚೆ ನಿಲ್ಸಮ್ಮ. ‘ಬಡವನಹ’ ಅಂತಷ್ಟೇ ಹುಡುಕು,” ಎಂದೆ.

ಮೂರು ಪುಟ ಸಿಕ್ಕವು. ಮೂರನೆಯದರಲ್ಲಿ ‘ಬಡವನಹಳಿಯ ಒಬ ಸೂಸೆ’ ಇದ್ದಳು.

ಮೊಮ್ಮಗಳು ಸಡಗರದಲ್ಲಿ ಯಂತ್ರ ಓದಿದ್ದನ್ನೇ, ಬಿಟ್ಟುಹೋದ ಒತ್ತು ತಾನೇ ಸೇರಿಸಿಕೊಂಡು, ಓದತೊಡಗಿದಳು: “ನನ್ನ ಕತ್ತೆಗೆ ಅಕ್ಷರ ಬಾರದು...”

ಅಕ್ಕ ಎದ್ದು ಕೂತಳು. “ಲೇ, ಅತ್ತೆ ಕಣೇ! ದೇವ್ರಂಥೋಳ್ನ ಕತ್ತೆ ಮಾಡ್ಬುಟ್ಯಲ್ಲೇ!”

ಚಿತ್ರ ತೆರೆದು ನೋಡಿದರೆ ‘ಅ’ ಅಕ್ಷರದ ಮೇಲೆ ಮಸಿ ಕೂತಿತ್ತು. ಯಂತ್ರದ ಓದು ಪುಟ ಹುಡುಕಲಿಕ್ಕಷ್ಟೇ ಸಾಕು ಎಂದು ತೀರ್ಮಾನಿಸಿ, ಚಿತ್ರವನ್ನೇ ನೋಡಿ ನಾನು ಓದಿದೆ. ‘ನನ್ನ ಅತ್ತೆಗೆ ಅಕ್ಷರ ಬಾರದು. ಆದರೂ ಈ ಪತ್ರಿಕೆ ಬಂದ ದಿನ ನನ್ನ ಪಾಲಿನ ಪಾತ್ರೆ ತಾವೇ ತೊಳೆದು, ಓದು ಮಗಳೇ ಎಂದು ಎದುರಿಗೆ ಕೂರುತ್ತಾರೆ...’ ನಡುವೆ ಒಂದು ಪದ ಯಂತ್ರಕ್ಕೂ ಹತ್ತಲಿಲ್ಲ, ನನಗೂ ಹತ್ತಲಿಲ್ಲ.

“‘ಅಳ್ತಾರೆ’ ಅಂತ ಬರ್ದಿದ್ದೆ ಕಣ್ಲಾ,” ಎಂದಳು ಅಕ್ಕ. “ಕತೆ ಕೇಳಿ ಅಳೋರು.”

ಪತ್ರ ಹನ್ನೊಂದು ಸಾಲಿತ್ತು. ಅಕ್ಕ ಅದನ್ನು ಎರಡು ಸಲ ಓದಿಸಿಕೊಂಡಳು.