ಗಂಟೆಯಕ್ಕನ ಮೂರನೆಯ ಪತ್ರ

ನಮ್ಮ ಹಗ್ಗದ ಕಾರ್ಖಾನೆಯ ಆಫೀಸಿನ ಗೋಡೆಗೆ ಐದು ಗಡಿಯಾರಗಳನ್ನು ತೂಗುಹಾಕಿದ್ದರು. ಐದೂ ಐದು ಬೇರೆ ಬೇರೆ ಹೊತ್ತು ತೋರಿಸುತ್ತಿದ್ದವು. ಮೊದಲ ದಿನ ನಾನು "ಇವಕ್ಕೆ ಸೆಲ್ ಹಾಕೋರು ಯಾರೂ ಇಲ್ವಾ?" ಎಂದು ಕೇಳಿ ಬೈಸಿಕೊಂಡವಳು. ಬೈದವರು ಗಂಟೆಯಕ್ಕ; ಅವು ಐದು ದೇಶಗಳ ಹೊತ್ತಂತೆ. ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಹೊರದೇಶದ ಗಿರಾಕಿಗಳಿಗೆ ಈಮೇಲ್ ಬರೆಯುವುದು ಅವರ ಕೆಲಸ. ಹತ್ತೊಂಬತ್ತು ವರ್ಷ ಅದನ್ನೇ ಮಾಡಿದರು. ಅವರು ಅದನ್ನು ಮೇಲ್ ಅನ್ನುತ್ತಿರಲಿಲ್ಲ, ಪತ್ರ ಅನ್ನುತ್ತಿದ್ದರು.

ನಾನು ಪಕ್ಕದ ಮೇಜಿನವಳು. ಸರಕು ಕಳಿಸುವ ಕಾಗದಪತ್ರ ನನ್ನ ಪಾಲಿಗೆ. ನನಗೆ ಪತ್ರ ಬರೆದು ಕಳಿಸುವುದೆಂದರೆ ಗುಂಡಿ ಒತ್ತುವುದು, ಅಷ್ಟೇ. ಅವರಿಗೆ ಹಾಗಲ್ಲ. ಬೆಳಗ್ಗೆ ನಾವು ಕಳಿಸಿದ ಪತ್ರ ಪಶ್ಚಿಮದವರಿಗೆ ಅವರ ನಟ್ಟಿರುಳಲ್ಲಿ ಹೋಗಿ ಬೀಳುತ್ತದೆ, ಅವರು ಎದ್ದು ಬರುವಷ್ಟರಲ್ಲಿ ಅದರ ಮೇಲೆ ಇನ್ನೂ ಐವತ್ತು ಪತ್ರ ಕೂತಿರುತ್ತವೆ ಎನ್ನುತ್ತಿದ್ದರು.

"ನೀನು ಯಾರ ಮನೆಗಾದ್ರೂ ಮಧ್ಯರಾತ್ರಿ ಹೋಗಿ ಬಾಗಿಲು ಬಡೀತೀಯಾ?"

"ಇಲ್ಲಕ್ಕ."

"ಮತ್ತೆ ಇದ್ಯಾಕೆ ಬಡೀತೀಯಾ? ಅವನು ಕುರ್ಚೀಲಿ ಕೂತ್ಕೊಳ್ಳೋ ಹೊತ್ತಿಗೆ ನಮ್ಮ ಪತ್ರ ಎಲ್ಲಕ್ಕಿಂತ ಮೇಲೆ ಇರಬೇಕು."

ಕಂಪ್ಯೂಟರಿನಲ್ಲಿ ನಮ್ಮೂರಿನ ಗಂಟೆ ಹಾಕಿಟ್ಟರೆ ಪತ್ರ ಆ ಹೊತ್ತಿಗೆ ತಾನೇ ಹೋಗುತ್ತಿತ್ತು. ಯಾವ ಗಂಟೆ ಹಾಕಬೇಕು ಎಂಬ ವಿದ್ಯೆಯೆಲ್ಲ ಅವರ ನೀಲಿ ರಟ್ಟಿನ ಪುಸ್ತಕದಲ್ಲಿತ್ತು. ಗಿರಾಕಿಗೊಂದು ಪುಟ. ಅವನ ಊರು, ವಾರದ ರಜೆ, ಅವನು ಕೂರುವ ಹೊತ್ತು, ಅದಕ್ಕೆ ನಮ್ಮಲ್ಲಿ ಎಷ್ಟು ಗಂಟೆ. ಉತ್ತರ ಬರದಿದ್ದರೆ ಮೂರು ದಿನ ಬಿಟ್ಟು ಎರಡನೆಯ ಪತ್ರ. ಅದೂ ಅವರ ಕೆಲಸದ ದಿನಗಳ ಲೆಕ್ಕದಲ್ಲಿ. ಪೂರ್ವದ ದ್ವೀಪಗಳಲ್ಲಿ ನಮ್ಮ ಶುಕ್ರವಾರ ಸಂಜೆಗೇ ಶನಿವಾರ ಹುಟ್ಟಿಬಿಟ್ಟಿರುತ್ತದೆ, ಕೆಲವು ದೇಶಗಳಲ್ಲಿ ಶುಕ್ರವಾರವೇ ರಜೆ. ಇದನ್ನೆಲ್ಲ ಕಳೆದು ಎಣಿಸಬೇಕು. ಮೂರನೆಯ ಪತ್ರವೇ ಕೊನೆಯದು. ನಾಲ್ಕನೆಯದು ಬರೆದರೆ ಬೇಡೋದಾಗುತ್ತೆ ಎನ್ನುತ್ತಿದ್ದರು. ಊಟಕ್ಕೆ ಕರೆದರೂ ಗೋಡೆ ನೋಡಿಯೇ ಏಳುತ್ತಿದ್ದರು. "ಮನೇಲೂ ಹೀಗೇ ಕಣಮ್ಮ, ಯಾವ್ದೋ ದೇಶದ ಗಿರಾಕಿ ಎದ್ದ ಮೇಲೇ ನಂಗೆ ಕಾಫಿ," ಎಂದು ಅವರ ಯಜಮಾನರು ಒಮ್ಮೆ ಆಫೀಸಿಗೆ ಬಂದಾಗ ನಗಾಡಿದ್ದರು.

ಆ ವರ್ಷ ನಮ್ಮ ಹಳೆಯ ದೊಡ್ಡ ಗಿರಾಕಿ ಕೈಬಿಟ್ಟ. ಹಗ್ಗ ಹೊಸೆಯುವ ಉದ್ದನೆಯ ಶೆಡ್ಡಿನಲ್ಲಿ ಹದಿನಾಲ್ಕು ಜನ ಸುಮ್ಮನೆ ಕೂರುವ ಹಾಗಾಯಿತು. ಮುಂದಿನ ತಿಂಗಳ ಕೊನೆಯೊಳಗೆ ಹೊಸ ಗಿರಾಕಿ ಸಿಗದಿದ್ದರೆ ಶೆಡ್ ಮುಚ್ಚುತ್ತೇನೆ ಎಂದು ಮಾಲೀಕರು ಹೇಳಿಬಿಟ್ಟರು. ಕೈಯಲ್ಲಿದ್ದ ಆಸೆ ಒಂದೇ. ದಕ್ಷಿಣದ ದೂರದ ದ್ವೀಪವೊಂದರ ಮೀನುಗಾರರ ಸೊಸೈಟಿ. ಅದರ ಉಗ್ರಾಣ ನೋಡಿಕೊಳ್ಳುವವನು ಮೊದಲ ಪತ್ರಕ್ಕೆ ಎರಡು ಸಾಲು ಉತ್ತರ ಬರೆದಿದ್ದ. ಬೆಳಗ್ಗೆ ಒಂಬತ್ತರ ಸುಮಾರಿಗೆ ದೋಣಿಗಳಿಂದ ಆ ದಿನದ ಮೀನಿನ ವಿವರದ ಮೇಲ್‌ಗಳು ಸಾಲುಸಾಲಾಗಿ ಬರುತ್ತವೆ, ಒಂಬತ್ತೂವರೆಗೆ ನಾನು ಕೂರುತ್ತೇನೆ, ಹಗ್ಗ ಯಾರಿಂದ ಕೊಳ್ಳಬೇಕೆಂಬುದು ಮುಂದಿನ ತಿಂಗಳ ಮೊದಲ ಮಂಗಳವಾರ ಮಧ್ಯಾಹ್ನದ ಸಭೆಯಲ್ಲಿ ತೀರ್ಮಾನವಾಗುತ್ತದೆ ಎಂದು. ಗಂಟೆಯಕ್ಕ ಅದನ್ನು ಪುಸ್ತಕಕ್ಕೆ ಏರಿಸಿದರು. ನಮ್ಮ ಗಂಟೆಯಲ್ಲಿ ರಾತ್ರಿ ಎರಡು. ಎರಡನೆಯ ಪತ್ರ ಹೋಯಿತು. ಮೂರನೆಯದನ್ನು ಸಭೆಯ ದಿನದ ಬೆಳಗ್ಗೆಗೆ ಇಟ್ಟರು.

ಅದನ್ನು ಬರೆದಿಟ್ಟ ಗುರುವಾರ ಮಧ್ಯಾಹ್ನ ಅವರಿಗೆ ಎದೆ ಹಿಡಿದುಕೊಂಡಿತು. ಆಟೋದಲ್ಲಿ ಕೂರಿಸುವಾಗಲೂ, "ಮಂಗಳವಾರದ್ದು ಇಟ್ಟಿದೀನಿ, ಮುಟ್ಬೇಡ" ಎಂದರು. ಶನಿವಾರ ತೀರಿಕೊಂಡರು.

ಸೋಮವಾರ ಬಂದು ಅವರ ಕುರ್ಚಿಯಲ್ಲಿ ಕೂತೆ. ಕಳಿಸಲು ಕಾದಿದ್ದ ಪತ್ರ ತೆರೆದೆ. ಮೂರು ಗಂಟೆ ಎಂದು ಹಾಕಿದ್ದರು. ಪುಸ್ತಕ ತೆಗೆದರೆ ಎರಡು ಎಂದಿತ್ತು. ಅಯ್ಯೋ, ಮೈ ಹುಷಾರಿಲ್ಲದೆ ತಪ್ಪಿದ್ದಾರೆ ಎಂದುಕೊಂಡೆ. ಅದರ ಹಿಂದಿನ ವಾರವಷ್ಟೇ ಉತ್ತರದ ದೇಶಗಳಲ್ಲಿ ವರ್ಷವರ್ಷ ಮಾಡುವ ಹಾಗೆ ಬೇಸಿಗೆಗೆಂದು ಗಡಿಯಾರಗಳನ್ನೇ ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದರು, ಅಲ್ಲಿಗೆಲ್ಲ ನಾವು ಒಂದು ಗಂಟೆ ಮುಂಚೆ ಕಳಿಸಲು ಶುರುಮಾಡಿದ್ದೆವು. ಮುಂಚೆ ಅನ್ನುವ ಮಾತು ತಲೆಯಲ್ಲಿ ಕೂತಿತ್ತು, ಪುಸ್ತಕವೂ ಅದನ್ನೇ ಹೇಳುತ್ತಿತ್ತು. ಎರಡು ಗಂಟೆಗೆ ಬದಲಾಯಿಸಿದೆ. ಅಕ್ಕನ ಕೊನೆಯ ತಪ್ಪನ್ನು ನಾನು ತಿದ್ದಿ ಮುಚ್ಚಿದೆ ಎಂದು ಕಣ್ಣೀರು ಬೇರೆ ಹಾಕಿದೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮಂಗಳವಾರ ಉತ್ತರವಿಲ್ಲ. ಬುಧವಾರವೂ ಇಲ್ಲ. ಹಗ್ಗದ ಮೇಸ್ತ್ರಿ ದಿನಕ್ಕೆ ಎರಡು ಸಲ ಬಾಗಿಲ ಹತ್ತಿರ ಬಂದು ನನ್ನ ಮುಖ ನೋಡಿ ಹೋಗುತ್ತಿದ್ದರು. ಬೆರಳುಗಳಲ್ಲಿ ನಾರಿನ ಗಾಯ ತುಂಬಿದ, ಮಾತು ಕಡಿಮೆಯ ಹಿರಿಯರು. ಆ ಶೆಡ್ಡಿನಲ್ಲೇ ಮೂವತ್ತು ವರ್ಷ ಸೊಂಟಕ್ಕೆ ಸುತ್ತಿದ ನಾರನ್ನು ಬಿಡುತ್ತಾ ಹಿಂದಕ್ಕೆ ಹಿಂದಕ್ಕೆ ನಡೆದು ಹಗ್ಗ ಹೊಸೆದವರು.

ಗುರುವಾರ ಏನೋ ಹುಡುಕುತ್ತಾ ನೀಲಿ ಪುಸ್ತಕದ ಕೊನೆಯ ಪುಟ ತಿರುಗಿಸಿದೆ. ಅಲ್ಲಿ ಭಾನುವಾರಗಳ ಒಂದು ಪಟ್ಟಿ ಇತ್ತು. ಯಾವ ದೇಶದ ಗಡಿಯಾರ ಯಾವ ಭಾನುವಾರ ಬದಲಾಗುತ್ತದೆ ಎಂದು. ದ್ವೀಪದ ಎದುರು ಅಕ್ಕನ ಅಕ್ಷರ: "ಅಲ್ಲಿ ಈಗ ಬೇಸಿಗೆ ಮುಗೀತು. ಈ ಭಾನುವಾರ ಒಂದು ಗಂಟೆ ಹಿಂದಕ್ಕೆ. ನಾವು ಒಂದು ಗಂಟೆ ತಡವಾಗಿ ಕಳಿಸಬೇಕು. ಎರಡಲ್ಲ, ಮೂರು."

ನನ್ನ ಪತ್ರ ಅಲ್ಲಿ ಎಂಟೂವರೆಗೇ ಹೋಗಿ ಬಿದ್ದಿತ್ತು. ಅದರ ಮೇಲೆ ಎಲ್ಲ ದೋಣಿಗಳ ಮೀನಿನ ವಿವರ ಬಂದು ಕೂತಿತ್ತು.

ಅಕ್ಕನ ಕಟ್ಟಳೆ ಮುರಿದು ನಾಲ್ಕನೆಯ ಪತ್ರ ಬರೆದೆ. ನಡೆದದ್ದನ್ನು ನಡೆದ ಹಾಗೆ ಬರೆದೆ. ಪತ್ರ ಬರೆಯುತ್ತಿದ್ದವರು ತೀರಿಕೊಂಡರು, ಅವರು ಸರಿಯಾಗಿಯೇ ಇಟ್ಟಿದ್ದ ಗಂಟೆಯನ್ನು ನಾನು ಕೆಡಿಸಿದೆ ಎಂದು. ಮೂರು ಗಂಟೆಗೆ ಇಟ್ಟೆ. ಶುಕ್ರವಾರ ಬೆಳಗ್ಗೆ ಆಫೀಸಿನ ಬೀಗ ತೆಗೆಯುವಷ್ಟರಲ್ಲಿ ಉತ್ತರ ಬಂದಿತ್ತು.

"ನಿಮ್ಮ ದುಃಖದಲ್ಲಿ ನಾನೂ ಭಾಗಿ. ಅವರ ಎರಡನೆಯ ಪತ್ರ ನಾನು ಕೂರುವಾಗ ಸರಿಯಾಗಿ ಮೇಲೆ ಇತ್ತು. ಅಷ್ಟು ದೂರದಿಂದ ನನ್ನ ಬೆಳಗ್ಗೆಯನ್ನು ಯಾರೋ ತಿಳಿದುಕೊಂಡಿದ್ದಾರಲ್ಲ ಎಂದು ಖುಷಿಯಾಯಿತು. ಸಭೆಯ ದಿನ ನಿಮ್ಮ ಪತ್ರ ಮೇಲೆ ಇರಲಿಲ್ಲ. ನಿಮಗೆ ಆಸಕ್ತಿ ಹೋಗಿದೆ ಎಂದುಕೊಂಡು ಇನ್ನೊಬ್ಬರ ಹೆಸರು ಹೇಳಿಬಿಟ್ಟೆ. ಮೂರು ವರ್ಷದ ಒಪ್ಪಂದ. ನಿಮ್ಮ ಆ ದಿನದ ಪತ್ರವನ್ನು ಇವತ್ತು ಕೆಳಗೆ ಹುಡುಕಿ ಓದಿದೆ. ಕ್ಷಮಿಸಿ."

ಮಾಲೀಕರು ಓದಿ ಕನ್ನಡಕ ತೆಗೆದಿಟ್ಟರು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಶೆಡ್ಡಿನವರಿಗೆ ನಾನೇ ಹೇಳುತ್ತೇನೆ ಎಂದು ಎದ್ದೆ.

ಹದಿನಾಲ್ಕು ಜನವೂ ಹೊಸೆಯುವ ಗಾಲಿಯ ಹತ್ತಿರ ನಿಂತಿದ್ದರು. ಎಲ್ಲ ಹೇಳಿದೆ, ತಪ್ಪು ನನ್ನದೆಂದೂ ಹೇಳಿದೆ. ಮೇಸ್ತ್ರಿ ಕೇಳಿದರು, "ಎಷ್ಟು ಹೆಚ್ಚುಕಮ್ಮಿ ಆಯ್ತು, ತಾಯಿ?"

"ಒಂದು ಗಂಟೆ."

"ಒಂದೇ ಗಂಟೆನಾ?" ಎಂದರು. ಬಗ್ಗಿ, ಅರ್ಧ ಹೊಸೆದಿದ್ದ ಹಗ್ಗವನ್ನು ಕೈಗೆತ್ತಿಕೊಂಡರು. "ಸರಿ, ಇದೊಂದು ಮುಗಿಸಿಬಿಡ್ತೀವಿ." ನಾರನ್ನು ಸೊಂಟಕ್ಕೆ ಸುತ್ತಿಕೊಂಡು, ಆ ಉದ್ದನೆಯ ಶೆಡ್ಡಿನಲ್ಲಿ ಹಿಂದಕ್ಕೆ ಹಿಂದಕ್ಕೆ ನಡೆಯತೊಡಗಿದರು.