ಬೆಳಗಿನ ಐದೂವರೆಯ ಸಂಜೆದೀಪ

ನಾನು ಟಿವಿಯಲ್ಲಿ ಬಂದಿದ್ದೇನೆ. ಈ ಮಾತನ್ನು ಕಾಲೇಜಿನಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನಾನು ಬಾಯಿ ತೆರೆಯುವ ಮೊದಲೇ ಗೆಳತಿಯರು "ಗೊತ್ತುಂಟು ಮಾರಾಯ್ತಿ" ಎನ್ನುತ್ತಾರೆ. ಅದರಲ್ಲಿ ನಿಜವೆಷ್ಟು ಎಂಬುದನ್ನು ನಿಮ್ಮೊಬ್ಬರಿಗೆ ಹೇಳುತ್ತೇನೆ. ನಮ್ಮೂರು ಅರಂತೋಡಿನ ಕಡೆ ಬಂದರೆ ಬಾಯಿ ಬಿಡಬೇಡಿ.

ನಮ್ಮ ಮನೆಯ ಟಿವಿ ಅಜ್ಜಿಯದು. ಅದು ಬೆಳಿಗ್ಗೆ ಐದಕ್ಕೆ ಸುಪ್ರಭಾತದೊಂದಿಗೆ ಏಳುತ್ತದೆ. ಪರದೆಯ ಮೇಲೆ ಒಂದು ಗೋಪುರ, ಒಂದು ಕೆರೆ, ಒಂದಿಷ್ಟು ಪಾರಿವಾಳ. ನಾನು ಹುಟ್ಟಿದಾಗಿನಿಂದ ಅವೇ ಪಾರಿವಾಳಗಳು ಹಾರುತ್ತಿವೆ, ಪಾಪ, ಇಳಿಯಲು ಯಾರೂ ಬಿಟ್ಟಿಲ್ಲ. ಆರೂವರೆಗೆ ರಾಶಿಫಲ. ಜ್ಯೋತಿಷಿಯ ಎದುರು ಒಂದು ಲ್ಯಾಪ್‌ಟಾಪ್, ಹಿಂದೆ ದೇವರ ಫೋಟೋ, ಕೆಳಗೆ ಓಡುವ ಫೋನ್ ನಂಬರು. ಫೋನ್ ಮಾಡಿದವರು ಹುಟ್ಟಿದ ದಿನ, ಸಮಯ, ಊರು ಹೇಳಬೇಕು. ಆದರೆ ಮೊದಲ ಎರಡು ನಿಮಿಷ "ಅಮ್ಮಾ, ನಿಮ್ಮ ಟಿವಿ ಸೌಂಡ್ ಕಡಿಮೆ ಮಾಡಿ" ಎನ್ನುವುದರಲ್ಲೇ ಕಳೆಯುತ್ತದೆ. ಎಂಟಕ್ಕೆ ಪ್ರವಚನ. ಸ್ವಾಮಿಗಳು ಒಂದೇ ವಾಕ್ಯವನ್ನು ಮೂರು ಸಲ ಹೇಳುತ್ತಾರೆ. ಇದಕ್ಕೆ ನಾನು ಬಹಳ ನಕ್ಕಿದ್ದೆ. ಆಮೇಲೆ ನೋಡಿದರೆ, ಆ ಹೊತ್ತಿಗೆ ಟಿವಿಯನ್ನು ಯಾರೂ ನೋಡುವುದೇ ಇಲ್ಲ, ಕೇಳುತ್ತಾರೆ. ಅಮ್ಮ ನೀರುದೋಸೆ ಹೊಯ್ಯುವಾಗ ಕಾವಲಿಯ 'ಚೊಂಯ್' ಸದ್ದಿನಲ್ಲಿ ಮೊದಲ ಸಲ ಹೇಳಿದ್ದು ಮುಳುಗುತ್ತದೆ, ಎರಡನೆಯದು ಅರ್ಧ ಕೇಳುತ್ತದೆ, ಮೂರನೆಯದು ಸರಿಯಾಗಿ ತಲುಪುತ್ತದೆ. ಸ್ವಾಮಿಗಳಿಗೆ ನಮ್ಮ ಅಡುಗೆಮನೆ ಗೊತ್ತು.

ದೇವರಿಗೆ ಬೆಳಿಗ್ಗೆ ಮತ್ತು ಸಂಜೆಯೇ ಯಾಕೆ, ಮಧ್ಯಾಹ್ನ ಮೂರಕ್ಕೆ ಯಾಕಿಲ್ಲ ಎಂದು ನಾನೊಮ್ಮೆ ಅಜ್ಜಿಯನ್ನು ಕೇಳಿದ್ದೆ. "ಮೂರಕ್ಕೆ ದೇವರಿಗೂ ನಿದ್ದೆ ಬರ್ತದೆ" ಎಂದರು ಅಜ್ಜಿ. ನಿಜವಾದ ಉತ್ತರ ನನಗೆ ಸಿಕ್ಕಿದ್ದು ಪುತ್ತೂರಿನ ಒಂದು ಸ್ಟುಡಿಯೋದಲ್ಲಿ.

ಅಲ್ಲಿಗೆ ನಾವು ಹೋದದ್ದು ಹೀಗೆ. ಅಜ್ಜಿಯದೊಂದು ಭಜನಾ ಮಂಡಳಿ ಉಂಟು, ಏಳು ಹೆಂಗಸರು. ಒಟ್ಟು ವಯಸ್ಸು ಕೂಡಿಸಿದರೆ ಚರಿತ್ರೆ ಪುಸ್ತಕದಲ್ಲಿ ಮೂರು ಪಾಠ ಹಿಂದೆ ಹೋಗಬಹುದು. ಒಂದು ಲೋಕಲ್ ಚಾನೆಲ್‌ನವರು ಸಂಜೆ ಆರೂವರೆಯ ಭಜನೆ ಕಾರ್ಯಕ್ರಮಕ್ಕೆ ಇವರನ್ನು ಕರೆದರು. ಅಜ್ಜಿ ಕೋಡಿಂಬಾಳದ ತಂಗಿಯಿಂದ ಹಿಡಿದು ಕೊಲ್ಲಮೊಗ್ರಿನ ಬೀಗರವರೆಗೆ ಎಲ್ಲರಿಗೂ ಫೋನ್ ಮಾಡಿ, "ದೀಪ ಹಚ್ಚುವ ಹೊತ್ತಿಗೆ ಟಿವಿ ಹಾಕಿ, ನಾನು ಬರ್ತೇನೆ" ಎಂದು ಹೇಳಿದರು. ಇಷ್ಟು ಹೇಳಿದ ಮೇಲೆ ಬಾರದೆ ಇದ್ದರೆ ಮುಖ ಎಲ್ಲಿಡುವುದು? ನಾನು ಜೊತೆಗೆ ಹೋದೆ. ಬ್ಯಾಗು ಹೊರಲಿಕ್ಕೆ ಎಂದು ಮನೆಯಲ್ಲಿ ಹೇಳಿದ್ದು. ಬ್ಯಾಗಿನಲ್ಲಿ ನನ್ನ ಹೊಸ ಚೂಡಿದಾರ್ ಇತ್ತು.

ಸ್ಟುಡಿಯೋ ಅಂದರೆ ಮಹಡಿಯ ಒಂದು ಕೋಣೆ. ಥರ್ಮೋಕೋಲಿನ ಮಂಟಪ, ಮುಟ್ಟಿದರೆ ಅಲ್ಲಾಡುವ ಕಂಬಗಳು. ಒಂದು ಕಂಬವನ್ನು ನಾನು ಮುಟ್ಟಿದೆ, ಆ ವಿಷಯ ಬೇಡ. ಕ್ಯಾಮೆರಾದ ಹಮೀದಣ್ಣ ಅದನ್ನು ಟೇಪು ಹಾಕಿ ನಿಲ್ಲಿಸುತ್ತಾ ನನಗೆ ಪಾಠ ಮಾಡಿದರು. "ನೋಡು, ಏಳು ಗಂಟೆಯಿಂದ ಸೀರಿಯಲ್. ಆಗ ಜಾಹೀರಾತಿಗೆ ರೇಟು ಜಾಸ್ತಿ. ಬೆಳಿಗ್ಗೆ ರೇಟು ಕಡಿಮೆ, ಹಾಗಾಗಿ ದೀಪದ ಎಣ್ಣೆಯವರು, ಊದುಬತ್ತಿಯವರು, ಮಂಡಿನೋವಿನ ಎಣ್ಣೆಯವರು ಬರ್ತಾರೆ. ಕೆಲವು ಪ್ರವಚನದ ಟೈಮನ್ನು ಅವರವರೇ ದುಡ್ಡು ಕೊಟ್ಟು ತೆಗೊಳ್ಳುದು."

"ಅಂದರೆ ಎಲ್ಲ ವ್ಯಾಪಾರವಾ?"

"ಅಲ್ಲ. ಆ ಹೊತ್ತಿಗೆ ಮನೆಯಲ್ಲಿ ಹೇಗೂ ದೀಪ ಹಚ್ತಾರಲ್ಲ, ಟಿವಿ ಅದರ ಹಿಂದೆ ಹೋಗುದು. ನಮ್ಮ ಮನೆಯಲ್ಲೂ ರಂಜಾನ್ ನೋಂಬಿನ ತಿಂಗಳಲ್ಲಿ ಹಾಗೆಯೇ, ಬೆಳಗಾಗುವ ಮೊದಲು, ಮತ್ತೆ ಸಂಜೆ ನೋಂಬು ಬಿಡುವ ಮೊದಲು. ಟೈಮು ಮಾಡಿದ್ದು ಚಾನೆಲ್ ಅಲ್ಲ, ಸೂರ್ಯ."

ಅಷ್ಟರಲ್ಲಿ ನಿರ್ದೇಶಕರು ಬಂದರು. ಬಹಳ ಅವಸರದ ಯುವಕ. ಮಧ್ಯಾಹ್ನ ಒಂದರೊಳಗೆ ನಾಲ್ಕು ಕಂತು ಮುಗಿಯಬೇಕಂತೆ, ಆಮೇಲೆ ಜ್ಯೋತಿಷಿಗಳ ಸರದಿ. ಕಂತಿಗೊಂದು ಸೀರೆ, ಬೇರೆ ಬೇರೆ ದಿನದಂತೆ ಕಾಣಲಿಕ್ಕೆ. ಸೀರೆಗೆ ಅಜ್ಜಿ ಖುಷಿಯಿಂದ ಒಪ್ಪಿದರು. ಆಗ ನಿರ್ದೇಶಕರು ಹೇಳಿದರು: "ಮೊದಲು ಮಂಗಳ ಹಾಡಿ ಬಿಡಿ. ಹೂ ಬಾಡ್ಲಿಲ್ಲ, ಮುಖವೂ ಫ್ರೆಶ್ ಉಂಟು. ಆರತಿಯ ಶಾಟ್ ಒಂದೇ ತೆಗೆದು ನಾಲ್ಕಕ್ಕೂ ಅಂಟಿಸ್ತೇವೆ."

ಮಂಗಳ ಅಂದರೆ ಭಜನೆಯ ಕೊನೆಯ ಹಾಡು. ಅದನ್ನು ಹಾಡಿ ಆರತಿ ಎತ್ತಿದರೆ ಮುಗಿಯಿತು, ಆ ಕೂಟದಲ್ಲಿ ಮತ್ತೆ ಯಾರೂ ಬಾಯಿ ತೆರೆಯುವ ಹಾಗಿಲ್ಲ.

"ಮಂಗಳ ಕೊನೆಗೆ, ಮಗಾ" ಎಂದರು ಅಜ್ಜಿ.

"ಟಿವಿಯಲ್ಲಿ ಕೊನೆಗೇ ಬರ್ತದೆ ಅಜ್ಜಿ, ಎಡಿಟಿಂಗ್‌ನಲ್ಲಿ."

"ನಿನ್ನ ಎಡಿಟಿಂಗ್ ಮುಗಿಯುವವರೆಗೆ ದೇವರು ಕಾಯ್ತಾ ಕೂತಿರ್ತಾನಾ?"

"ಸೀರೆ ಬದಲಿಸ್ಲಿಕ್ಕೆ ಒಪ್ಪಿದ್ರಲ್ಲ! ಅದೂ ಸುಳ್ಳೇ ಅಲ್ವಾ?"

"ಸೀರೆಯದ್ದು ಜನರಿಗೆ ಹೇಳುವ ಸುಳ್ಳು. ಅದಕ್ಕೆ ಅಡ್ಡಿ ಇಲ್ಲ."

ನಿರ್ದೇಶಕರು ವಾಚು ನೋಡಿದರು. ನಾಲ್ಕು ಕಂತು ಆಗದಿದ್ದರೆ ಸಂಜೆಯ ಸಮಯ ಬೇರೆ ತಂಡಕ್ಕೆ ಹೋಗುತ್ತದೆ ಎಂದು ಎಚ್ಚರಿಸಿದರು. ನಾನು ಅಜ್ಜಿಯ ಕಿವಿಯಲ್ಲಿ, "ಕೊಲ್ಲಮೊಗ್ರಿಗೆ ಫೋನ್ ಮಾಡಿದ್ದು ನೆನಪುಂಟಾ?" ಎಂದೆ. ಅಜ್ಜಿ ಒಂದು ಗಳಿಗೆ ಸೆರಗಿನ ತುದಿ ಸುತ್ತಿದರು. ಬಿಚ್ಚಿದರು. "ಉಂಟು. ಹಾರ್ಮೋನಿಯಂ ತೆಗಿ" ಎಂದರು. ಅದು ಹೊರಡಲಿಕ್ಕೋ ಹಾಡಲಿಕ್ಕೋ ಎಂದು ಯಾರಿಗೂ ತಿಳಿಯಲಿಲ್ಲ. ಹಮೀದಣ್ಣ ಮೆಲ್ಲ ಕ್ಯಾಮೆರಾ ಅಜ್ಜಿಯ ಕಡೆ ತಿರುಗಿಸಿ, "ಸರ್, ಆದಷ್ಟು ತೆಗಿಯುವ. ಅವರ ಕ್ರಮದಲ್ಲೇ ಆಗಲಿ" ಎಂದರು.

ಹಾಗಾಗಿ ಗಣಪತಿಯಿಂದ ಶುರುವಾಗಿ, ದೀಪದ ಹಾಡು ಹಾಡಿ, ಮಂಗಳದಲ್ಲಿ ಮುಗಿಯಿತು. ಎರಡನೇ ಕಂತೆಂದರೆ ಇವರಿಗೆ ಎರಡನೇ ಕೂಟ. ದೀಪ ಶಾಂತ ಮಾಡಿ, ಚಹಾ ಕುಡಿದು, ಕೈಕಾಲು ತೊಳೆದು, ಸೀರೆ ಬದಲಿಸಿ, ಮತ್ತೆ ದೀಪ ಹಚ್ಚಿ, ಮತ್ತೆ ಗಣಪತಿ. ಅಷ್ಟರಲ್ಲಿ ತಾಳದ ಲೀಲಕ್ಕ ಬಸ್ಸು ತಪ್ಪುತ್ತದೆಂದು ಹೊರಟರು. ತಾಳ ಹಿಡಿಯಲು ಜನ ಬೇಕಾಯಿತು. ಚೂಡಿದಾರ್ ಬ್ಯಾಗಿನಲ್ಲಿತ್ತು. ಇಪ್ಪತ್ತೆರಡು ನಿಮಿಷದ ಆ ಕಂತಿನಲ್ಲಿ ನಾನು ತಾಳ ನೋಡಿದ್ದಕ್ಕಿಂತ ಕ್ಯಾಮೆರಾ ನೋಡಿದ್ದು ಹೆಚ್ಚು.

ಒಂದು ಗಂಟೆಗೆ ಜ್ಯೋತಿಷಿಗಳು ಲ್ಯಾಪ್‌ಟಾಪ್ ಹಿಡಿದು ಬಂದರು. ನಮ್ಮದು ಎರಡೇ ಕಂತು. ಸಂಜೆ ಹೋಯಿತು. ಬೆಳಿಗ್ಗೆ ಐದೂವರೆಗೆ ಒಂದು ಗಂಟೆ ಖಾಲಿ ಉಂಟು, ಎರಡನ್ನೂ ಒಟ್ಟಿಗೆ ಹಾಕುತ್ತೇವೆ ಎಂದರು ನಿರ್ದೇಶಕರು. ಸಂಜೆಯ ದೀಪದ ಹಾಡು, ಕೋಳಿ ಕೂಗುವ ಹೊತ್ತಿಗೆ! ಅರಂತೋಡಿನಲ್ಲಿ ಬಸ್ಸಿಳಿದ ಮೇಲೆ ಅಜ್ಜಿ ಮತ್ತೆ ಎಲ್ಲರಿಗೂ ಫೋನ್ ಮಾಡಿದರು. ಕೋಡಿಂಬಾಳದ ತಂಗಿ, "ಒಳ್ಳೆಯದಾಯ್ತು ಅಕ್ಕ. ಸಂಜೆ ಆದರೆ ಮಕ್ಕಳು ರಿಮೋಟ್ ಕೊಡುದಿಲ್ಲ. ಬೆಳಿಗ್ಗೆ ನಾವು ರಬ್ಬರು ಟ್ಯಾಪಿಂಗಿಗೆ ಹೇಗೂ ಏಳ್ತೇವೆ" ಎಂದರಂತೆ.

ಪ್ರಸಾರದ ದಿನ ಬೆಳಿಗ್ಗೆ ಐದೂವರೆಗೆ ಮನೆಯವರೆಲ್ಲ ಟಿವಿಯ ಎದುರು. ಪರದೆಯಲ್ಲಿ ಅಜ್ಜಿ, ಹಿಂದೆ ಟೇಪು ಹಾಕಿದ ಕಂಬ. ದೀಪದ ಹಾಡು ಶುರುವಾದಾಗ ಅಜ್ಜಿ ಎದ್ದು ಹೋಗಿ ದೇವರ ದೀಪ ಹಚ್ಚಿದರು.

"ಅಜ್ಜೀ, ಅದು ಸಂಜೆಯ ಹಾಡಲ್ವಾ?"

ಅಜ್ಜಿ ಕಿಟಕಿಯ ಆಚೆ ನೋಡಿದರು. "ಹೊರಗೆ ಕತ್ತಲೆ ಉಂಟಲ್ಲ. ದೀಪಕ್ಕೆ ಅಷ್ಟೇ ಸಾಕು."

ಮಂಗಳ ಬಂತು, ಆರತಿ ಆಯಿತು. ಊದುಬತ್ತಿಯ ಜಾಹೀರಾತು ಬಂತು. ಅದು ಮುಗಿದರೆ ನಾನು! ತಲೆ ಸರಿ ಮಾಡಿಕೊಂಡು ಮುಂದೆ ಸರಿದೆ. ಅಜ್ಜಿ ಪರದೆಗೆ ಕೈಮುಗಿದು, ರಿಮೋಟ್ ತೆಗೆದುಕೊಂಡು, ಟಿವಿ ಆಫ್ ಮಾಡಿದರು.

"ಅಜ್ಜೀ! ನನ್ನದು ಇನ್ನೂ ಉಂಟು!"

"ಮಂಗಳ ಆಯ್ತಲ್ಲ" ಎಂದು ಅಜ್ಜಿ ರಿಮೋಟನ್ನು ಸೊಂಟಕ್ಕೆ ಸಿಕ್ಕಿಸಿ ದನದ ಹಟ್ಟಿಯ ಕಡೆ ನಡೆದರು.

ಕಪ್ಪು ಪರದೆಯಲ್ಲಿ ದೀಪದ ಬೆಳಕು ಬಿದ್ದಿತ್ತು. ಪಕ್ಕದಲ್ಲೇ, ತಲೆ ಬಾಚಿಕೊಂಡ ನನ್ನ ಮುಖ, ಬಾಯಿ ತೆರೆದುಕೊಂಡು. ಆದ್ದರಿಂದ ನಾನು ಟಿವಿಯಲ್ಲಿ ಬಂದಿದ್ದೇನೆ. ನೋಡಿದವಳು ಒಬ್ಬಳೇ, ಅಷ್ಟೇ.